ಪಿಯುಸಿ ಮುಗಿಸಿ ಜರ್ಮನಿಗೆ: ಶ್ಟೂಡಿಯೆನ್‌ಕೊಲೆಗ್ ಬೇಕೇ ಬೇಕಾ?

ಪ್ರಶ್ನೆ: ನಾನು ದಾವಣಗೆರೆಯವನು. 2025ರ ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡು 86% ಪಡೆದಿದ್ದೇನೆ. ಕೆಸಿಇಟಿಯಲ್ಲಿ ಮೆಕ್ಯಾನಿಕಲ್ ಸೀಟು ಸಿಗುವ ಹಾಗಿದೆ. ಆದರೆ ಜರ್ಮನಿಯಲ್ಲಿ ಮೆಕ್ಯಾನಿಕಲ್ ಓದುವ ಆಸೆ. ಅಲ್ಲಿ ಫೀಸ್ ಇಲ್ಲ ಅಂತಾರೆ, ಮತ್ತೆ ನೋಡಿದರೆ ಸೆಮೆಸ್ಟರ್‌ಬೈಟ್ರಾಗ್ ಅಂತ ದುಡ್ಡು ಕಟ್ಟಬೇಕಂತೆ. ಒಬ್ಬ ಏಜೆಂಟ್, ಶ್ಟೂಡಿಯೆನ್‌ಕೊಲೆಗ್ ಅನ್ನುವ ಒಂದು ವರ್ಷದ ತಯಾರಿ ಕೋರ್ಸ್ ಮಾಡದೆ ಬೇರೆ ದಾರಿಯೇ ಇಲ್ಲ, ಖಾಸಗಿ ಕೊಲೆಗ್‌ನಲ್ಲಿ ಸೀಟು ಗ್ಯಾರಂಟಿ ಕೊಡಿಸ್ತೀನಿ, ಪಾಸಾದರೆ ಯಾವ ಯೂನಿವರ್ಸಿಟಿಯಾದರೂ ಸಿಗುತ್ತೆ ಅಂದರು. ಇಂಗ್ಲಿಷ್ ಕೋರ್ಸ್ ಹಿಡಿದರೆ ಇದೆಲ್ಲ ಬೇಡ ಅಂತ ಗೆಳೆಯ ಹೇಳುತ್ತಾನೆ. ನನಗೆ ಜರ್ಮನ್ ಬರಲ್ಲ. ಅಪ್ಪ ಈ ತಿಂಗಳೊಳಗೆ ತೀರ್ಮಾನ ಹೇಳು ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಸೆಮೆಸ್ಟರ್‌ಬೈಟ್ರಾಗ್ ವಿಷಯ ಮೊದಲು ಮುಗಿಸಿಬಿಡೋಣ, ಅದು ಸಣ್ಣದು. ಅದು ಪಾಠ ಹೇಳಿಕೊಡುವುದಕ್ಕೆ ತೆಗೆದುಕೊಳ್ಳುವ ಫೀಸ್ ಅಲ್ಲ. ಪಾಠದ ಫೀಸಿಗೆ ಅಲ್ಲಿ ಶ್ಟೂಡಿಯೆನ್‌ಗೆಬ್ಯೂರೆನ್ ಅಂತ ಬೇರೆಯೇ ಹೆಸರಿದೆ. ಸೆಮೆಸ್ಟರ್‌ಬೈಟ್ರಾಗ್ ಪ್ರತಿ ಆರು ತಿಂಗಳಿಗೊಮ್ಮೆ ಎಲ್ಲ ವಿದ್ಯಾರ್ಥಿಗಳೂ, ಜರ್ಮನ್ನರೂ ಸೇರಿ, ಕಟ್ಟುವ ವಂತಿಗೆ. ಅದರಲ್ಲಿ ಮೆಸ್ಸು, ಹಾಸ್ಟೆಲ್ ನಡೆಸುವ ಶ್ಟೂಡಿಯರೆಂಡೆನ್‌ವೆರ್ಕ್‌ಗೆ ಒಂದು ಪಾಲು, ವಿದ್ಯಾರ್ಥಿ ಸಂಘಕ್ಕೆ ಒಂದು ಪಾಲು, ಕೆಲವು ರಾಜ್ಯಗಳಲ್ಲಿ ಕಚೇರಿ ಖರ್ಚಿಗೆ ಒಂದು ಪಾಲು, ಮತ್ತೆ ಬಸ್ಸು ರೈಲಿನ ಪಾಸು ಇರುತ್ತವೆ. ಒಟ್ಟು ಮೊತ್ತ ಊರಿಂದ ಊರಿಗೆ ಬೇರೆ. ಸುಮಾರು 100ರಿಂದ 400 ಯುರೊ ಅಂತ ಇಟ್ಟುಕೊಳ್ಳಿ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಪಾಸು. 2025ರಲ್ಲಿ ಇಡೀ ಜರ್ಮನಿಯ ಲೋಕಲ್ ರೈಲು, ಬಸ್ಸುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್‌ಟಿಕೆಟ್ ತಿಂಗಳಿಗೆ 58 ಯುರೊ ಇತ್ತು. ವಿದ್ಯಾರ್ಥಿಗಳಿಗೆ ಅದರ 60%, ಅಂದರೆ 34.80. ಆರು ತಿಂಗಳಿಗೆ 208.80 ಆಯಿತು. ನೀಡರ್‌ಸಾಕ್ಸೆನ್ ರಾಜ್ಯದಲ್ಲಾದರೆ ಕಚೇರಿ ಖರ್ಚಿಗೆ ಇನ್ನೊಂದು 75 ಯುರೊ. ಇವೆರಡೇ 283.80. ಉಳಿದ ಪಾಲುಗಳು ಸೇರಿ ಅಲ್ಲಿ 400ರ ಆಸುಪಾಸಿಗೆ ಹೋಗುತ್ತದೆ. ಪಾಸು ಸೇರಿಸದ ಸಣ್ಣ ಊರಲ್ಲಿ ಮೊತ್ತ ಕಡಿಮೆ ಕಾಣುತ್ತದೆ, ಆದರೆ ಓಡಾಟದ ದುಡ್ಡು ಬೇರೆ ಹೋಗುತ್ತದೆ.

ಇದರಲ್ಲಿ ಎಡವುವುದು ಮೊತ್ತದಿಂದಲ್ಲ, ದಿನಾಂಕದಿಂದ. ಮುಂದಿನ ಸೆಮಿಸ್ಟರಿಗೂ ನಾನು ಇರುತ್ತೇನೆ ಅಂತ ತಿಳಿಸುವುದಕ್ಕೆ ರ‍್ಯೂಕ್‌ಮೆಲ್ಡುಂಗ್ ಅಂತಾರೆ. ಗಡುವಿನೊಳಗೆ ಈ ದುಡ್ಡು ಕಟ್ಟಿದರೆ ಅದು ಆದಂತೆ. ತಡವಾದರೆ ದಂಡ, ಆಮೇಲೂ ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಹೆಸರು ಹೋದರೆ ವಾಸದ ಪರವಾನಗಿಗೂ ಕುತ್ತು. ಹಣ ಕಳಿಸುವಾಗ ಫೆರ್‌ವೆಂಡುಂಗ್ಸ್‌ಟ್ಸ್ವೆಕ್ ಅನ್ನುವ, ಹಣ ಯಾತಕ್ಕೆ ಅಂತ ತಿಳಿಸುವ ಜಾಗದಲ್ಲಿ ನಿಮ್ಮ ಮಟ್ರಿಕೆಲ್ ನಂಬರನ್ನು, ಅಂದರೆ ಯೂನಿವರ್ಸಿಟಿಯ ನೋಂದಣಿ ಸಂಖ್ಯೆಯನ್ನು, ಅವರು ಹೇಳಿದ ರೀತಿಯಲ್ಲೇ ಬರೆಯಬೇಕು. ಅದು ಬಿಟ್ಟುಹೋದರೆ ದುಡ್ಡು ತಲುಪಿದರೂ ಯಾರದ್ದೆಂದು ಗೊತ್ತಾಗದೆ ಕೂತಿರುತ್ತದೆ. ಅಪ್ಪನ ಖಾತೆಯಿಂದ ಕಳಿಸಿದಾಗಲಂತೂ ಹೀಗಾಗುವುದು ಜಾಸ್ತಿ.

ನಿಜವಾದ ಪಾಠದ ಫೀಸ್ ಇರುವ ಕಡೆಗಳೂ ಇವೆ. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯುರೊ ತೆಗೆದುಕೊಳ್ಳುತ್ತದೆ. ಕಾರ್ಲ್ಸ್‌ರೂಹೆ, ಶ್ಟುಟ್‌ಗಾರ್ಟ್ ಅಲ್ಲಿಯವು. ಮ್ಯೂನಿಕ್ ಟೆಕ್ನಿಕಲ್ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿಂದ ಬ್ಯಾಚುಲರ್‌ಗೆ 2000ದಿಂದ 3000 ಯುರೊ ಶುರು ಮಾಡಿದೆ. ಮೆಕ್ಯಾನಿಕಲ್ ಅಂದಕೂಡಲೇ ನಮ್ಮ ಹುಡುಗರು ಹೇಳುವ ಹೆಸರುಗಳು ಇವೇ, ಹಾಗಾಗಿ ಮೊದಲೇ ಹೇಳಿದೆ.

ಈಗ ನಿಮ್ಮ ಅಸಲಿ ತಲೆನೋವಿಗೆ ಬರೋಣ. ಏಜೆಂಟ್ ನಿಮಗೆ ಹೇಳದ ಪದ ಒಂದಿದೆ: ಹೋಖ್‌ಶೂಲ್‌ಟ್ಸುಗಾಂಗ್ಸ್‌ಬೆರೆಖ್ಟಿಗುಂಗ್. ಉದ್ದಕ್ಕೆ ಹೆದರಬೇಡಿ, ಅಲ್ಲಿಯ ಕಚೇರಿಗಳಲ್ಲೂ ಎಚ್‌ಝಡ್‌ಬಿ ಅಂತ ಬರೆಯುತ್ತಾರೆ. ಯೂನಿವರ್ಸಿಟಿ ಮೆಟ್ಟಿಲು ಹತ್ತುವ ಅರ್ಹತೆ ಅಂತ ಅರ್ಥ. ಎಷ್ಟು ಅಂಕ ಬಂದಿದೆ ಅನ್ನುವುದಕ್ಕಿಂತ ಮೊದಲು ಇದು ಇದೆಯೋ ಇಲ್ಲವೋ ಅಂತ ನೋಡುತ್ತಾರೆ. ಭಾರತದ 12ನೇ ತರಗತಿ ಒಂದೇ ಇದ್ದರೆ ನೇರ ಅರ್ಹತೆ ಇಲ್ಲ. ಕರ್ನಾಟಕದ ಪಿಯುಸಿ ಆದರೂ ಸಿಬಿಎಸ್ಇ ಆದರೂ, 86% ಆದರೂ 99% ಆದರೂ ಇದರಲ್ಲಿ ಫರಕಿಲ್ಲ. ಯಾವ ದೇಶದ ಯಾವ ಸರ್ಟಿಫಿಕೇಟಿಗೆ ಎಷ್ಟು ಬೆಲೆ ಅನ್ನುವುದು ಅನಾಬಿನ್ ಅನ್ನುವ ಸರ್ಕಾರಿ ದಾಖಲೆಯಲ್ಲಿದೆ. ಅಧಿಕಾರಿಗಳು ಅದನ್ನು ನೋಡಿಯೇ ಹೇಳುತ್ತಾರೆ.

ಅರ್ಹತೆ ಪೂರ್ತಿಯಾಗಲು ನಿಮ್ಮಂಥವರಿಗೆ ಮೂರು ದಾರಿ. ಒಂದು ಶ್ಟೂಡಿಯೆನ್‌ಕೊಲೆಗ್. ಎರಡು, ಮಾನ್ಯತೆ ಇರುವ ಭಾರತದ ಕಾಲೇಜಿನಲ್ಲಿ ಬ್ಯಾಚುಲರ್‌ನ ಮೊದಲ ವರ್ಷ ಪೂರ್ತಿ ಪಾಸು ಮಾಡುವುದು. ಮೂರು, ಜೆಇಇ ಅಡ್ವಾನ್ಸ್‌ಡ್ ಪಾಸಾಗಿರುವುದು. ಜೆಇಇ ಮೇನ್ ಸಾಲದು, ಕೆಸಿಇಟಿ ರ‍್ಯಾಂಕಿಗೆ ಅಲ್ಲಿ ಬೆಲೆಯೇ ಇಲ್ಲ. ಅಂದರೆ ಬೇರೆ ದಾರಿಯೇ ಇಲ್ಲ ಅಂತ ಏಜೆಂಟ್ ಹೇಳಿದ್ದು ಸುಳ್ಳು. ಅವರಿಗೆ ಕಮಿಷನ್ ಬರುವುದು ಮೊದಲ ದಾರಿಯಲ್ಲಿ, ಅಷ್ಟೇ.

ಗೆಳೆಯ ಹೇಳಿದ್ದೂ ತಪ್ಪು. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಎಚ್‌ಝಡ್‌ಬಿ ಬೇಕೇ ಬೇಕು. ಪಾಠದ ಭಾಷೆ ಬೇರೆ, ಅರ್ಹತೆ ಬೇರೆ. ಇನ್ನೂ ವಿಚಿತ್ರ ಅಂದರೆ, ಇಂಗ್ಲಿಷ್ ಬ್ಯಾಚುಲರ್‌ಗೆ ಹೋಗಲು ಹೊರಟವರೂ ಶ್ಟೂಡಿಯೆನ್‌ಕೊಲೆಗ್ ಹಾದಿ ಹಿಡಿದರೆ ಸಾಮಾನ್ಯವಾಗಿ ಅಲ್ಲಿ ಜರ್ಮನ್‌ನಲ್ಲೇ ಓದಬೇಕಾಗುತ್ತದೆ.

ಶ್ಟೂಡಿಯೆನ್‌ಕೊಲೆಗ್ ಅಂದರೆ ಏನು ನಡೆಯುತ್ತದೆ ನೋಡಿ. ಎರಡು ಸೆಮಿಸ್ಟರ್, ವಾರಕ್ಕೆ ಸುಮಾರು 30 ಗಂಟೆ ಕ್ಲಾಸು, ಕಾಲೇಜಿಗಿಂತ ಪಿಯುಸಿಗೆ ಹತ್ತಿರವಾದ ವಾತಾವರಣ. ಮುಂದೆ ಏನು ಓದುತ್ತೀರಿ ಅನ್ನುವುದರ ಮೇಲೆ ವಿಭಾಗ. ಇಂಜಿನಿಯರಿಂಗ್, ಗಣಿತ, ಭೌತಶಾಸ್ತ್ರದವರಿಗೆ ಟಿ-ಕೂರ್ಸ್. ವೈದ್ಯಕೀಯ, ಜೀವಶಾಸ್ತ್ರಕ್ಕೆ ಎಂ, ಅರ್ಥಶಾಸ್ತ್ರ ವ್ಯವಹಾರಕ್ಕೆ ಡಬ್ಲ್ಯೂ. ನಿಮಗೆ ಟಿ. ಗಣಿತ, ಭೌತಶಾಸ್ತ್ರ ನೀವು ಪಿಯುಸಿಯಲ್ಲಿ ನೋಡಿದ್ದೇ ಜಾಸ್ತಿ. ಕಷ್ಟ ಆಗುವುದು ಅದನ್ನೇ ಜರ್ಮನ್‌ನಲ್ಲಿ ಕೇಳಿಸಿಕೊಂಡು ಜರ್ಮನ್‌ನಲ್ಲಿ ಬರೆಯುವುದು. ಕೊನೆಗೆ ಫೆಸ್ಟ್‌ಶ್ಟೆಲ್ಲುಂಗ್ಸ್‌ಪ್ರ್ಯೂಫುಂಗ್ ಅನ್ನುವ ಪರೀಕ್ಷೆ. ಎಲ್ಲರೂ ಎಫ್‌ಎಸ್‌ಪಿ ಅಂತಾರೆ. ಸೋತರೆ ಒಂದೇ ಸಲ ಮತ್ತೆ ಬರೆಯಬಹುದು.

ಒಳಗೆ ಹೋಗುವುದಕ್ಕೇ ಒಂದು ಪ್ರವೇಶ ಪರೀಕ್ಷೆ ಇದೆ. ಇದನ್ನು ಏಜೆಂಟರು ಹೇಳುವುದೇ ಇಲ್ಲ. ಭಾಷೆ ಎಷ್ಟು ಬರುತ್ತದೆ ಅನ್ನುವುದನ್ನು ಎ1ರಿಂದ ಸಿ2ವರೆಗಿನ ಮಟ್ಟಗಳಲ್ಲಿ ಅಳೆಯುತ್ತಾರೆ. ಜರ್ಮನ್ ಕನಿಷ್ಠ ಬಿ1 ಮಟ್ಟ ಬೇಕು, ಕೆಲವು ಕಡೆ ಬಿ2. ಭಾಷೆ ಪರೀಕ್ಷೆ ಹೆಚ್ಚಾಗಿ ಸಿ-ಟೆಸ್ಟ್ ರೂಪದಲ್ಲಿರುತ್ತದೆ. ಒಂದು ಬರಹ ಕೊಟ್ಟು, ಒಂದು ಪದ ಬಿಟ್ಟು ಒಂದು ಪದದ ಅರ್ಧ ಭಾಗ ಅಳಿಸಿರುತ್ತಾರೆ. ತುಂಬಬೇಕು. ಕ್ಲಾಸಿನಲ್ಲಿ ಚೆನ್ನಾಗಿ ಮಾತಾಡುವವರೂ ಇದರಲ್ಲಿ ಒದ್ದಾಡುತ್ತಾರೆ, ಯಾಕೆಂದರೆ ಪದದ ಕೊನೆ ಸರಿಯಾಗಬೇಕಾದರೆ ವ್ಯಾಕರಣ ಕೈಗೆ ಬಂದಿರಬೇಕು. ಟಿ-ಕೂರ್ಸಿಗೆ ಗಣಿತವೂ ಇರುತ್ತದೆ, ಹೆಚ್ಚಿನ ಕಡೆ ಕ್ಯಾಲ್ಕುಲೇಟರ್ ಇಲ್ಲದೆ. ಸರ್ಕಾರಿ ಕೊಲೆಗ್‌ಗಳಲ್ಲಿ ಸೀಟಿಗಿಂತ ಬರೆಯುವವರು ಜಾಸ್ತಿ. ಬಿ1 ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಗೆ ಕೂರಬಹುದು, ಅಷ್ಟೇ. ಅದು ಸೀಟಲ್ಲ. ಪರೀಕ್ಷೆ ಬರೆಯಲು ಜರ್ಮನಿಗೇ ಹೋಗಬೇಕಾದ ಕಡೆಗಳಲ್ಲಿ, ವೀಸಾ, ವಿಮಾನ, ವೀಸಾಕ್ಕಾಗಿ ಖಾತೆಯಲ್ಲಿ ಇಡಬೇಕಾದ ಹಣ ಎಲ್ಲ ಆದಮೇಲೆ ಸೀಟು ತಪ್ಪುವ ಅಪಾಯ ಇದೆ.

ಅರ್ಜಿಯನ್ನು ಹೆಚ್ಚಾಗಿ ಕೊಲೆಗ್‌ಗೆ ಹಾಕುವುದಿಲ್ಲ. ನೀವು ಮುಂದೆ ಓದಲಿರುವ ಯೂನಿವರ್ಸಿಟಿಗೆ, ಯೂನಿ-ಅಸಿಸ್ಟ್ ಅನ್ನುವ ಸಂಸ್ಥೆಯ ಮೂಲಕ ಹಾಕಬೇಕು. ಅವರು ದಾಖಲೆ ನೋಡಿ, ಇವನಿಗೆ ಕೊಲೆಗ್ ಬೇಕು ಅಂತ ಕಳಿಸುತ್ತಾರೆ. ಮೊದಲ ಅರ್ಜಿಗೆ 75 ಯುರೊ, ಅದೇ ಸೆಮಿಸ್ಟರಿಗೆ ಹಾಕುವ ಮುಂದಿನ ಪ್ರತಿಯೊಂದಕ್ಕೂ 30.

ಸರ್ಕಾರಿ ಕೊಲೆಗ್‌ಗಳಲ್ಲಿ ಹೆಚ್ಚಿನವು ಸೆಮೆಸ್ಟರ್‌ಬೈಟ್ರಾಗ್ ಮಾತ್ರ ತೆಗೆದುಕೊಳ್ಳುತ್ತವೆ. ಹಾಂಬುರ್ಗ್, ಹಾನೋಫರ್, ಲೈಪ್ಸಿಗ್, ಡಾರ್ಮ್‌ಶ್ಟಾಟ್, ಬರ್ಲಿನ್ ಹೀಗೆ ಹಲವು ಊರುಗಳಲ್ಲಿವೆ. ಖಾಸಗಿಯವಕ್ಕೆ ವರ್ಷಕ್ಕೆ ಸಾವಿರಗಟ್ಟಲೆ ಯುರೊ. ಖಾಸಗಿ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಆದರೆ ಅಲ್ಲಿ ಗ್ಯಾರಂಟಿ ಸಿಗುವುದು ಕ್ಲಾಸಿನ ಕುರ್ಚಿಗೆ. ಎಫ್‌ಎಸ್‌ಪಿ ಯಾರು ನಡೆಸುತ್ತಾರೆ ಅನ್ನುವುದು ನಿಜವಾದ ಪ್ರಶ್ನೆ. ಕೆಲವು ಖಾಸಗಿ ಕೊಲೆಗ್‌ಗಳಿಗೆ ರಾಜ್ಯದ ಮಾನ್ಯತೆ ಇದೆ, ಅವು ನಡೆಸಿದ ಪರೀಕ್ಷೆ ನಡೆಯುತ್ತದೆ. ಉಳಿದವು ಪಾಠ ಮಾತ್ರ ಮಾಡುತ್ತವೆ, ಪರೀಕ್ಷೆಗೆ ಹೊರಗಿನ ಅಭ್ಯರ್ಥಿಯಾಗಿ ಬೇರೆ ಕಡೆ ಹೋಗಿ ಕೂರಬೇಕು. ಅಲ್ಲಿ ಪ್ರಶ್ನೆ ಮಾಡುವವರು ನಿಮಗೆ ಪಾಠ ಮಾಡಿದ ಮೇಷ್ಟ್ರಲ್ಲ. ಕೊಲೆಗ್ ಕೊಡುವ 'ಕೋರ್ಸ್ ಮುಗಿಸಿದ್ದಾನೆ' ಅನ್ನುವ ಸರ್ಟಿಫಿಕೇಟಿನಿಂದ ಯಾವ ಯೂನಿವರ್ಸಿಟಿಯೂ ಸೇರಿಸಿಕೊಳ್ಳುವುದಿಲ್ಲ. ನಾನು ಅರ್ಜಿಗಳ ಜೊತೆ ನೋಡಿದ ಅತಿ ಬೇಸರದ ಕಾಗದ ಇದೇ. ಹುಡುಗ ಒಂದು ವರ್ಷ ಓದಿರುತ್ತಾನೆ, ಮನೆಯವರು ದುಡ್ಡು ಕಟ್ಟಿರುತ್ತಾರೆ, ಎಫ್‌ಎಸ್‌ಪಿ ಮಾತ್ರ ಇರುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕೊಲೆಗ್‌ಗಳಲ್ಲಿ ಎರಡು ಬಗೆ: ಯೂನಿವರ್ಸಿಟಿಗೆ ತಯಾರು ಮಾಡುವವು, ಫಾಖ್‌ಹೋಖ್‌ಶೂಲೆಗೆ ತಯಾರು ಮಾಡುವವು. ಫಾಖ್‌ಹೋಖ್‌ಶೂಲೆ ಅಂದರೆ ಕೈಕೆಲಸ, ಕಾರ್ಖಾನೆ ಅನುಭವಕ್ಕೆ ಒತ್ತು ಕೊಡುವ ಉನ್ನತ ಶಿಕ್ಷಣ ಸಂಸ್ಥೆ. ಮೆಕ್ಯಾನಿಕಲ್‌ಗೆ ಅದೇನೂ ಕೆಟ್ಟ ಆಯ್ಕೆ ಅಲ್ಲ. ಆದರೆ ಎರಡನೇ ಬಗೆಯಲ್ಲಿ ಪಾಸಾದ ಎಫ್‌ಎಸ್‌ಪಿ ಹಿಡಿದು ಯೂನಿವರ್ಸಿಟಿಗೆ ಹೋಗಲು ಆಗುವುದಿಲ್ಲ. 'ಯಾವ ಯೂನಿವರ್ಸಿಟಿಯಾದರೂ' ಅನ್ನುವ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ.

ಅಂಕದ ವಿಷಯದಲ್ಲೂ ಆ ಮಾತು ನಿಲ್ಲುವುದಿಲ್ಲ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ನಿಮ್ಮ 86% ಅನ್ನು ಬವೇರಿಯಾ ಸೂತ್ರ ಅನ್ನುವ ಲೆಕ್ಕದಲ್ಲಿ ಬದಲಾಯಿಸುತ್ತಾರೆ. ಪಾಸ್ ಅಂಕ 35 ಅಂತ ಹಿಡಿದರೆ ಹೀಗೆ:

```
1 + 3 × (100 − 86) ÷ (100 − 35) = 1.65
```

ಇದನ್ನು 1.6 ಅಂತ ಇಟ್ಟುಕೊಳ್ಳಿ. ಕೊಲೆಗ್ ಹಾದಿಯಲ್ಲಿ ಬಂದವರಿಗೆ ಸಾಮಾನ್ಯವಾಗಿ ಪಿಯುಸಿ ಅಂಕ ಅರ್ಧ, ಎಫ್‌ಎಸ್‌ಪಿ ಅಂಕ ಅರ್ಧ. ಎಫ್‌ಎಸ್‌ಪಿಯಲ್ಲಿ 2.4 ಬಂದರೆ ಒಟ್ಟು 2.0. ಪಾಸಾದಮೇಲೆ ಈ ಅಂಕ ಹಿಡಿದು ಬ್ಯಾಚುಲರ್‌ಗೆ ಮತ್ತೆ ಅರ್ಜಿ ಹಾಕಬೇಕು. ಕೋರ್ಸಿನ ಮುಂದೆ ಟ್ಸುಲಾಸುಂಗ್ಸ್‌ಫ್ರೈ ಅಂತ ಇದ್ದರೆ ಅರ್ಹತೆ ಇದ್ದವರಿಗೆಲ್ಲ ಸೀಟು. ಎನ್‌ಸಿ ಅಂತ ಇದ್ದರೆ ಸೀಟು ಸೀಮಿತ, ಅಂಕದ ಮೇಲೆ ಸಾಲು. ಮೆಕ್ಯಾನಿಕಲ್‌ನಲ್ಲಿ ಎಷ್ಟೋ ಕಡೆ ಮೊದಲ ಬಗೆಯೇ ಇರುವುದು ನಿಮ್ಮ ಅದೃಷ್ಟ.

ಈಗ ನಿಮ್ಮ ಎರಡು ದಾರಿಗಳನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡೋಣ.

ಬಿಇ ಬಿಟ್ಟು ಕೊಲೆಗ್ ಹಾದಿ ಹಿಡಿದರೆ, ಈಗಿನಿಂದ ಜರ್ಮನ್ ಕಲಿತು 2026ರ ಶುರುವಿನ ಹೊತ್ತಿಗೆ ಬಿ1 ಮುಗಿಸಬೇಕು. ಎಪಿಎಸ್ ಅನ್ನುವ ದಾಖಲೆ ಪರಿಶೀಲನೆ ಮಾಡಿಸಬೇಕು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ, ಫೀಸ್ 18,000 ರೂಪಾಯಿ. ಅರ್ಜಿಯ ಗಡುವು ಕೊಲೆಗ್‌ನಿಂದ ಕೊಲೆಗ್‌ಗೆ ಬೇರೆ, ಕೆಲವು ಕಡೆ ಏಪ್ರಿಲ್‌ನಲ್ಲೇ ಮುಗಿಯುತ್ತದೆ. ಎಲ್ಲ ಸರಿಹೋದರೆ 2026ರ ಅಕ್ಟೋಬರ್ ಹೊತ್ತಿಗೆ ಕೊಲೆಗ್, 2027ರ ಬೇಸಿಗೆಯಲ್ಲಿ ಎಫ್‌ಎಸ್‌ಪಿ, 2027ರ ಅಕ್ಟೋಬರ್‌ನಲ್ಲಿ ಬ್ಯಾಚುಲರ್.

ಬಿಇ ಸೇರಿದರೆ ಮೊದಲ ವರ್ಷ 2026ರ ಮಧ್ಯದಲ್ಲಿ ಮುಗಿಯುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿನ ಅರ್ಜಿಗೆ ಸಾಮಾನ್ಯ ಗಡುವು ಜುಲೈ 15. ಎರಡನೇ ಸೆಮಿಸ್ಟರ್ ಫಲಿತಾಂಶ ಅಷ್ಟರೊಳಗೆ ಕೈಗೆ ಬರುವುದನ್ನು ನಂಬಬೇಡಿ. ಅದಾದ ಮೇಲೆ ಎಪಿಎಸ್ ಬೇರೆ. ಹಾಗಾಗಿ ಈ ದಾರಿಯಲ್ಲೂ ಬ್ಯಾಚುಲರ್ ಶುರುವಾಗುವುದು 2027ರ ಅಕ್ಟೋಬರ್‌ನಲ್ಲೇ. ಒಂದು ವರ್ಷ ಉಳಿಯುತ್ತದೆ ಅಂತ ಯಾರಾದರೂ ಹೇಳಿದ್ದರೆ, ನಿಮ್ಮ ವಿಷಯದಲ್ಲಿ ಎರಡೂ ಒಂದೇ ದಿನಕ್ಕೆ ತಲುಪುತ್ತವೆ.

ಹಾಗಾದರೆ ಫರಕು ಎಲ್ಲಿ? ಒಂದು, ದುಡ್ಡಿನಲ್ಲಿ. ಕೊಲೆಗ್ ಅಂದರೆ ಜರ್ಮನಿಯಲ್ಲಿ ಒಂದು ವರ್ಷ ಜಾಸ್ತಿ ವಾಸ. ವೀಸಾಕ್ಕೆ ಶ್ಪೆರ್‌ಕೊಂಟೊ ಅನ್ನುವ ಖಾತೆಯಲ್ಲಿ ವರ್ಷಕ್ಕೆ 11,904 ಯುರೊ ಇಡಬೇಕು. ಅದು ಫೀಸಲ್ಲ, ತಿಂಗಳಿಗೆ 992ರಂತೆ ನಿಮಗೇ ವಾಪಸ್ ಬರುತ್ತದೆ. ಆದರೆ ಬಾಡಿಗೆ, ಊಟ, ವಿಮೆಗೆ ಅದು ಖರ್ಚಾಗಿಯೇ ಹೋಗುತ್ತದೆ. ಯುರೊಗೆ 100 ರೂಪಾಯಿ ಲೆಕ್ಕದಲ್ಲಿ ಸುಮಾರು 12 ಲಕ್ಷ. ಖಾಸಗಿ ಕೊಲೆಗ್ ಆದರೆ ಅದರ ಫೀಸು ಇದರ ಮೇಲೆ.

ಎರಡು, ಭಾಷೆಯಲ್ಲಿ. ಎಫ್‌ಎಸ್‌ಪಿಯ ಜರ್ಮನ್ ಭಾಗ ಪಾಸಾದರೆ ಬ್ಯಾಚುಲರ್‌ಗೆ ಸಾಮಾನ್ಯವಾಗಿ ಬೇರೆ ಭಾಷಾ ಸರ್ಟಿಫಿಕೇಟ್ ಬೇಡ. ಬಿಇ ದಾರಿಯಲ್ಲಿ ಹೋದವರು ಜರ್ಮನ್ ಮಾಧ್ಯಮದ ಕೋರ್ಸಿಗೆ ಡಿಎಸ್‌ಎಚ್ ಅನ್ನುವ ಭಾಷಾ ಪರೀಕ್ಷೆಯಲ್ಲಿ 2ನೇ ಮಟ್ಟ, ಅಥವಾ ಟೆಸ್ಟ್‌ಡಾಫ್ ಅನ್ನುವ ಇನ್ನೊಂದು ಭಾಷಾ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 4 ತರಬೇಕು. ಅದು ಸಿ1ಗೆ ಹತ್ತಿರದ ಮಟ್ಟ. ದಾವಣಗೆರೆಯಲ್ಲಿ ಕೂತು, ಬಿಇ ಇಂಟರ್ನಲ್ಸ್ ನಡುವೆ, ಸೊನ್ನೆಯಿಂದ ಅಲ್ಲಿಗೆ ಹೋಗುವುದು ಆಗದ ಕೆಲಸವಲ್ಲ, ಆದರೆ ಎರಡು ವರ್ಷ ಬಿಡದೆ ಹಿಡಿದವರಿಗೆ ಮಾತ್ರ.

ಮೂರು, ಮೊದಲ ವರ್ಷದ ಎಲ್ಲ ವಿಷಯ ಪಾಸಾಗಿರಬೇಕು. ಒಂದು ಬ್ಯಾಕ್ ಉಳಿದರೂ 'ಒಂದು ವರ್ಷ ಪೂರ್ತಿ' ಅಂತ ಎಣಿಸುವುದಿಲ್ಲ. ಅಲ್ಲದೆ ಸಿಗುವ ಅರ್ಹತೆ ಅದೇ ವಿಷಯಕ್ಕೆ ಅಥವಾ ಅದಕ್ಕೆ ಹತ್ತಿರದ್ದಕ್ಕೆ ಸೀಮಿತ. ಮೆಕ್ಯಾನಿಕಲ್ ಓದಿ ಅಲ್ಲಿ ಅರ್ಥಶಾಸ್ತ್ರ ಬೇಕು ಅಂದರೆ ನಡೆಯುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ತಿಂಗಳು ಏಜೆಂಟಿಗೆ ದುಡ್ಡು ಕೊಡುತ್ತಿರಲಿಲ್ಲ. ಕೆಸಿಇಟಿ ಸೀಟು ತೆಗೆದುಕೊಂಡು, ಅದೇ ವಾರ ಜರ್ಮನ್ ಎ1 ಶುರು ಮಾಡುತ್ತಿದ್ದೆ. ಸೇರುವ ಮೊದಲು ಆ ಯೂನಿವರ್ಸಿಟಿಯ ಹೆಸರಿನ ಮುಂದೆ ಅನಾಬಿನ್‌ನಲ್ಲಿ ಮಾನ್ಯತೆಯ ಗುರುತಾದ H+ ಇದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ಮೊದಲ ಸೆಮಿಸ್ಟರ್ ಫಲಿತಾಂಶ ಬರುವ ಹೊತ್ತಿಗೆ ಎರಡು ವಿಷಯ ಗೊತ್ತಾಗಿರುತ್ತದೆ: ಬಿ1 ಆಗಿದೆಯಾ, ಬ್ಯಾಕ್ ಇಲ್ಲದೆ ಪಾಸಾಗಿದೆಯಾ. ಬಿ1 ಆಗಿದ್ದು ಬಿಇಯಲ್ಲಿ ತೊಡರಿದ್ದರೆ, ಪಿಯುಸಿ ಸರ್ಟಿಫಿಕೇಟ್ ಎಲ್ಲೂ ಹೋಗಿಲ್ಲ. 2026ರ ಅಕ್ಟೋಬರ್‌ನ ಸರ್ಕಾರಿ ಕೊಲೆಗ್‌ಗೆ ಅರ್ಜಿ ಹಾಕಿ. ಎಲ್ಲ ಪಾಸಾಗಿದ್ದರೆ ವರ್ಷ ಮುಗಿಸಿ ನೇರ ದಾರಿ ಹಿಡಿಯಿರಿ, ಸಿ1 ಕಡೆಗೆ ಓದು ಮುಂದುವರಿಸಿ. ಎಂಟು ತಿಂಗಳಲ್ಲಿ ಎ2 ಕೂಡ ದಾಟಿಲ್ಲ ಅಂದರೆ ಬಿಇ ಇಲ್ಲೇ ಮುಗಿಸಿ ಎಂಎಸ್‌ಗೆ ಯೋಚಿಸುವುದು ಒಳ್ಳೆಯದು. ಮೆಕ್ಯಾನಿಕಲ್‌ನಲ್ಲಿ ಇಂಗ್ಲಿಷ್ ಕೋರ್ಸುಗಳು ಆ ಹಂತದಲ್ಲೇ ಜಾಸ್ತಿ ಸಿಗುವುದು.

ಈ ಸಲಹೆಯಲ್ಲಿ ಒಂದು ಅಪಾಯ ಇದೆ. ಎರಡು ದೋಣಿಯಲ್ಲಿ ಕಾಲಿಟ್ಟು ಎರಡೂ ಅರ್ಧಂಬರ್ಧ ಆಗಬಹುದು. ಬೆಳಿಗ್ಗೆ ಕಾಲೇಜು, ಸಂಜೆ ಭಾಷೆ ನಿಮಗೆ ಆಗದು ಅನ್ನಿಸಿದರೆ, ಮನೆಯಲ್ಲಿ ಆ 12 ಲಕ್ಷ ಹೊರೆಯಾಗದಿದ್ದರೆ, ಒಂದು ವರ್ಷ ಬರೀ ಜರ್ಮನ್ ಓದಿ ಸರ್ಕಾರಿ ಕೊಲೆಗ್‌ಗೆ ಹೋಗುವುದೂ ಸರಿಯಾದ ದಾರಿಯೇ. ಅಲ್ಲಿ ಒಂದು ವರ್ಷ ಕಳೆದು ಬ್ಯಾಚುಲರ್ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರ ಮಾತು ಅರ್ಥವಾಗುತ್ತದೆ. ನೇರವಾಗಿ ಬಂದವರಲ್ಲಿ ಎಷ್ಟೋ ಜನಕ್ಕೆ ಆಗುವುದಿಲ್ಲ.

ಆದರೂ ಖಾಸಗಿ ಕೊಲೆಗ್ ನೋಡಲೇಬೇಕು ಅಂತ ಅಪ್ಪ ಹೇಳಿದರೆ, ಏಜೆಂಟರನ್ನು ಬಿಟ್ಟು ಕೊಲೆಗ್‌ಗೇ ನೀವು ಇಮೇಲ್ ಬರೆಯಿರಿ. ಎಫ್‌ಎಸ್‌ಪಿ ಯಾರು ನಡೆಸುತ್ತಾರೆ, ಯಾವ ಊರಲ್ಲಿ, ಯಾವ ರಾಜ್ಯದ ಮಾನ್ಯತೆ ಇದೆ ಅಂತ ಕೇಳಿ. ಅದು ಯೂನಿವರ್ಸಿಟಿಗೆ ನಡೆಯುತ್ತದೋ ಫಾಖ್‌ಹೋಖ್‌ಶೂಲೆಗೆ ಮಾತ್ರವೋ, ವೀಸಾ ಸಿಗದಿದ್ದರೆ ಫೀಸಿನಲ್ಲಿ ಎಷ್ಟು ವಾಪಸ್ ಅಂತಲೂ ಕೇಳಿ. ಉತ್ತರ ಬಂದಮೇಲೆ, ನೀವು ಸೇರಬೇಕೆಂದಿರುವ ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ವಿಭಾಗಕ್ಕೆ ಅದನ್ನೇ ಕಳಿಸಿ, ಈ ಪರೀಕ್ಷೆ ನಿಮ್ಮಲ್ಲಿ ನಡೆಯುತ್ತದೆಯೇ ಅಂತ ವಿಚಾರಿಸಿ. ಅವರು ಲಿಖಿತವಾಗಿ ಹೌದು ಅನ್ನುವವರೆಗೆ ಮುಂಗಡ ಕೊಡಬೇಡಿ.